ಅವ್ವನ ಆಪರೇಷನ್, ಕಲಬುರಗಿಯಿಂದ ಮೂರು ವಾರ ಕೆಲಸ: ಮ್ಯಾನೇಜರನ್ನು ಕೇಳುವುದು ಹೇಗೆ?

ಪ್ರಶ್ನೆ: ನಾ ಬೆಂಗಳೂರಿನಾಗ ಒಂದು ಸಾಫ್ಟ್‌ವೇರ್ ಕಂಪನಿಯೊಳಗ ಟೆಸ್ಟಿಂಗ್ ಕೆಲಸ ಮಾಡ್ತೀನ್ರಿ. ವಾರಕ್ಕ ಮೂರು ದಿನ ಆಫೀಸಿಗೆ ಹೋಗಬೇಕು. ಊರು ಕಲಬುರಗಿ. ನಮ್ಮ ಅವ್ವಗ ನವೆಂಬರ್ 16ಕ್ಕ ಮೊಳಕಾಲು ಆಪರೇಷನ್ ಅದ. ಒಂದು ತಿಂಗಳು ಮನ್ಯಾಗ ಇದ್ದು ಅಲ್ಲಿಂದನೇ ಕೆಲಸ ಮಾಡಬೇಕಂತ ಅದೀನಿ. ರಜಾ ಉಳಿದದ್ದು ಒಂಬತ್ತೇ. ಡಿಸೆಂಬರ್ 3ಕ್ಕ ನಮ್ಮ ಟೀಮಿನ ರಿಲೀಸ್ ಬ್ಯಾರೆ ಅದ. ಮ್ಯಾನೇಜರ್ ಮೇಡಂ ಕೆಟ್ಟವರಲ್ಲ, ಆದ್ರ ಹೋದ ಸಲ ಬ್ಯಾರೆ ಒಬ್ಬರು ಹಿಂಗೇ ಕೇಳಿದಾಗ ‘ನೋಡೋಣ’ ಅಂದು ಅಲ್ಲಿಗೇ ಬಿಟ್ರು. ಹೆಂಗ ಕೇಳಬೇಕು, ಏನು ಬರದು ಕೊಡಬೇಕು?

ಉತ್ತರ: ಮೊದಲು ‘ಒಂದು ತಿಂಗಳು’ ಎಂಬ ಮಾತನ್ನು ಬಿಟ್ಟುಬಿಡಿ. ಆಪರೇಷನ್ ಆದ ವಾರ ನೀವು ಕೆಲಸ ಮಾಡಲಾರಿರಿ. ಆಸ್ಪತ್ರೆಯಲ್ಲಿ ಮೂರರಿಂದ ಐದು ದಿನ ಓಡಾಟ, ರಾತ್ರಿ ನಿದ್ದೆ ಇಲ್ಲ, ಔಷಧಿ ಅಂಗಡಿ, ಬಿಲ್ಲು, ನೋಡಲು ಬರುವ ನೆಂಟರು. ಆ ವಾರವನ್ನೂ ‘ಮನೆಯಿಂದ ಕೆಲಸ’ದ ಲೆಕ್ಕಕ್ಕೆ ಹಾಕಿದರೆ ಮೊದಲ ಎರಡು ದಿನದಲ್ಲೇ ಮೀಟಿಂಗ್ ತಪ್ಪುತ್ತವೆ, ಆಮೇಲಿನ ಮೂರು ವಾರದ ಮೇಲೂ ಮೇಡಂಗೆ ಅನುಮಾನ ಕೂರುತ್ತದೆ. ಆದ್ದರಿಂದ ನವೆಂಬರ್ 16ರ ಸೋಮವಾರದಿಂದ 20ರ ಶುಕ್ರವಾರದವರೆಗೆ ಐದು ದಿನ ರಜೆಯನ್ನೇ ಹಾಕಿ. ನವೆಂಬರ್ 23ರಿಂದ ಡಿಸೆಂಬರ್ 11ರವರೆಗೆ, ಅಂದರೆ 15 ಕೆಲಸದ ದಿನ, ಕಲಬುರಗಿಯಿಂದ ಕೆಲಸ. ಡಿಸೆಂಬರ್ 14ರ ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಹಾಜರು. ಇನ್ನೂ ನಾಲ್ಕು ರಜೆ ಉಳಿಯುತ್ತವೆ. ಅವನ್ನು ಮುಟ್ಟಬೇಡಿ, ಮುಂದೆ ಬೇಕಾಗುತ್ತವೆ.

ಈಗ ಲೆಕ್ಕವನ್ನು ಮೇಡಂ ಕಡೆಯಿಂದ ನೋಡಿ. ವಾರಕ್ಕೆ ಮೂರು ದಿನ ಆಫೀಸು ಎಂದರೆ ಆ ಮೂರು ವಾರದಲ್ಲಿ ತಪ್ಪುವುದು 9 ದಿನದ ಹಾಜರಿ ಮಾತ್ರ. ಉಳಿದ 6 ದಿನ ನೀವು ಹೇಗೂ ಮನೆಯಿಂದಲೇ ಕೆಲಸ ಮಾಡುವವರು. ‘ಒಂದು ತಿಂಗಳು ಊರಿಗೆ ಹೋಗ್ತೀನಿ’ ಎನ್ನುವುದಕ್ಕೂ ‘9 ಆಫೀಸ್ ದಿನಗಳಿಗೆ ವಿನಾಯಿತಿ ಬೇಕು’ ಎನ್ನುವುದಕ್ಕೂ ಕೇಳುವವರ ಕಿವಿಯಲ್ಲಿ ಬಹಳ ಅಂತರವಿದೆ. ಆದರೆ ಒಂದು ಎಚ್ಚರ. ಹಲವು ಕಂಪನಿಗಳ ನಿಯಮದಲ್ಲಿ ‘ಮನೆ’ ಎಂದರೆ ಎಚ್‌ಆರ್ ದಾಖಲೆಯಲ್ಲಿರುವ ವಿಳಾಸ. ನಿಮ್ಮದು ಬೆಂಗಳೂರಿನ ಬಾಡಿಗೆ ಮನೆಯ ವಿಳಾಸವಾಗಿದ್ದರೆ, ಕಲಬುರಗಿಯ ಮನೆಯಿಂದ ಮಾಡುವ ಆ 6 ದಿನಕ್ಕೂ ಒಪ್ಪಿಗೆ ಬೇಕಾಗುತ್ತದೆ. ಹಾಗಾಗಿ ಪತ್ರದಲ್ಲಿ 15 ದಿನವನ್ನೂ ಬರೆಯಿರಿ, ಅದರಲ್ಲಿ ಆಫೀಸ್ ದಿನ 9 ಎಂದು ಬಿಡಿಸಿ ಹೇಳಿ.

ಮೇಡಂ ‘ನೋಡೋಣ’ ಅಂದಿದ್ದು ಕೊಡಲು ಮನಸ್ಸಿಲ್ಲದೆ ಅಂತ ತಿಳಿಯಬೇಡಿ. ಇಂಥ ಒಪ್ಪಿಗೆ ಅವರೊಬ್ಬರ ಕೈಯಲ್ಲಿ ಇರುವುದು ಕಡಿಮೆ. ಮೇಲಿನವರು ‘ರಿಲೀಸ್ ವಾರ ಯಾಕೆ ಬಿಟ್ಟಿರಿ’ ಎಂದು ಕೇಳುತ್ತಾರೆ. ಎಚ್‌ಆರ್‌ನವರು ‘ಒಬ್ಬರಿಗೆ ಕೊಟ್ಟರೆ ಹತ್ತು ಮಂದಿ ಬರುತ್ತಾರೆ’ ಎನ್ನುತ್ತಾರೆ. ಐಟಿಯವರಿಗೆ ಲ್ಯಾಪ್‌ಟಾಪ್ ಚಿಂತೆ. ಗ್ರಾಹಕ ಕಂಪನಿಯ ಒಪ್ಪಂದದಲ್ಲಿ ‘ಈ ಕೆಲಸ ಇಂಥ ಕಟ್ಟಡದಲ್ಲೇ ನಡೆಯಬೇಕು’ ಎಂದು ಇದ್ದರೆ ಮೇಡಂ ಏನೂ ಮಾಡಲಾರರು. ಬ್ಯಾಂಕು, ವಿಮೆ, ಆಸ್ಪತ್ರೆ ದಾಖಲೆಗಳ ಪ್ರಾಜೆಕ್ಟುಗಳಲ್ಲಿ ಇಂಥ ಷರತ್ತು ಸಾಮಾನ್ಯ. ನಿಮ್ಮ ಆಫೀಸು ಎಸ್‌ಇಝಡ್ ಎಂಬ ವಿಶೇಷ ಆರ್ಥಿಕ ವಲಯದ ಒಳಗಿದ್ದರೆ ಇನ್ನೊಂದು ಪದರ ಸೇರುತ್ತದೆ. 2006ರ ಎಸ್‌ಇಝಡ್ ನಿಯಮಗಳಿಗೆ 2022ರ ಜುಲೈನಲ್ಲಿ 43ಎ ಎಂಬ ನಿಯಮ ಸೇರಿಸಿ ಮನೆಯಿಂದ ಕೆಲಸಕ್ಕೆ ದಾರಿ ಮಾಡಲಾಯಿತು, ಆದರೆ ಯಾರು ಹೊರಗಿನಿಂದ ಕೆಲಸ ಮಾಡುತ್ತಿದ್ದಾರೆ ಎಂಬ ಲೆಕ್ಕವನ್ನು ಕಂಪನಿ ಇಡಬೇಕೆಂಬ ಷರತ್ತೂ ಅದರಲ್ಲಿತ್ತು. ಇಷ್ಟು ಜನರಿಗೆ ಉತ್ತರ ಹೇಳಬೇಕಾದವರು ಬಾಯಿಮಾತಿನ ಬೇಡಿಕೆಗೆ ‘ನೋಡೋಣ’ ಎನ್ನದೆ ಇನ್ನೇನು ಅಂದಾರು? ಅವರಿಗೆ ಬೇಕಾದದ್ದು ಒಂದಕ್ಷರ ತಿದ್ದದೆ ಮೇಲಿನವರಿಗೆ ಹಾಗೇ ಕಳಿಸಬಹುದಾದ ಒಂದು ಪುಟ. ಆ ಪುಟ ತಯಾರು ಮಾಡುವುದು ನಿಮ್ಮ ಕೆಲಸ.

ಅದಕ್ಕೆ ಮುಂಚೆ ಕಂಪನಿಯ ಪೋರ್ಟಲ್‌ನಲ್ಲಿ ಹೈಬ್ರಿಡ್ ನಿಯಮದ ಕಡತ ತೆರೆದು ಓದಿ. ಬೇರೆ ಊರಿನಿಂದ ತಾತ್ಕಾಲಿಕವಾಗಿ ಕೆಲಸ ಮಾಡುವುದಕ್ಕೆ ಬೇರೆ ಫಾರ್ಮ್ ಇದೆಯೇ, ವರ್ಷಕ್ಕೆ ಇಷ್ಟೇ ದಿನ ಎಂಬ ಮಿತಿ ಇದೆಯೇ, ಎಷ್ಟು ದಿನ ಮುಂಚೆ ಅರ್ಜಿ ಹಾಕಬೇಕು ಎಂಬುದನ್ನು ನೋಡಿ. ಎಷ್ಟೋ ಕಡೆ ವರ್ಷಕ್ಕೆ ಇಂತಿಷ್ಟು ದಿನ ಎಂದು ಆಗಲೇ ಬರೆದಿರುತ್ತದೆ, ಕೇಳುವವರಿಗೂ ಕೊಡುವವರಿಗೂ ಅದು ಗೊತ್ತಿರುವುದಿಲ್ಲ.

ಇನ್ನು ಕಲಬುರಗಿಯ ಮನೆಯ ವಿಷಯ. ‘ನೆಟ್ ಚೆನ್ನಾಗಿದೆ ಮೇಡಂ’ ಎನ್ನುವ ಮಾತಿಗೆ ಬೆಲೆ ಇಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ. ಅಳೆದು ಹೇಳಿ. ಕೇಳುವುದಕ್ಕಿಂತ ಮುಂಚೆ ಒಮ್ಮೆ ಊರಿಗೆ ಹೋಗುವುದಿದ್ದರೆ ನೀವೇ ನೋಡಿ, ಇಲ್ಲದಿದ್ದರೆ ಮನೆಯಲ್ಲಿರುವ ತಮ್ಮನಿಗೋ ತಂಗಿಗೋ ಹೇಳಿ ಮಾಡಿಸಿ. ಭಾನುವಾರದ ಅಳತೆ ಬೇಡ. ವಾರದ ದಿನ ಬೆಳಗ್ಗೆ 10ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 8ಕ್ಕೆ ಮೂರು ಸಲ ಅಳೆಯಬೇಕು. ರಾತ್ರಿ 8ಕ್ಕೆ ಓಣಿಯವರೆಲ್ಲ ಮೊಬೈಲು, ಟಿವಿ ಹಿಡಿದು ಕೂತಿರುತ್ತಾರೆ, ಲೈನಿನ ನಿಜವಾದ ಬಣ್ಣ ಆಗ ತಿಳಿಯುತ್ತದೆ. ಡೌನ್‌ಲೋಡ್ ಎಷ್ಟು ಎಂದು ಹಿಗ್ಗುವ ಬದಲು ಅಪ್‌ಲೋಡ್ ನೋಡಿ. ಒಂದು ವಿಡಿಯೊ ಮೀಟಿಂಗಿಗೆ 3ರಿಂದ 4 ಎಂಬಿಪಿಎಸ್ ಸಾಕು. ಮನೆಯಲ್ಲಿ ಬೇರೆಯವರೂ ಬಳಸುವುದರಿಂದ 10 ಇದ್ದರೆ ನಿಶ್ಚಿಂತೆ. ವೇಗಕ್ಕಿಂತ ಮುಖ್ಯವಾದದ್ದು ನಡುನಡುವೆ ಲೈನು ಕಡಿಯುತ್ತದೆಯೇ ಎಂಬುದು. ಅದಕ್ಕೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲು ಹೊಡೆಯಿರಿ:

```
ping -n 100 8.8.8.8
```

ಎರಡು ನಿಮಿಷದೊಳಗೆ ಫಲಿತಾಂಶ ಬರುತ್ತದೆ. ಕೊನೆಯಲ್ಲಿ `Lost` ಎಂಬುದರ ಮುಂದೆ 0 ಅಥವಾ 1 ಇದ್ದರೆ ಸರಿ. 3, 4 ಬಂದರೆ ವೇಗ ಎಷ್ಟೇ ಇರಲಿ, ಮೀಟಿಂಗಿನಲ್ಲಿ ನಿಮ್ಮ ದನಿ ತುಂಡು ತುಂಡಾಗಿ ಕೇಳುತ್ತದೆ. ಮೊದಲು ರೂಟರ್ ಪಕ್ಕದಲ್ಲೇ ಕೂತು, ಸಾಧ್ಯವಾದರೆ ಕೇಬಲ್ ಹಾಕಿ ಇನ್ನೊಮ್ಮೆ ನೋಡಿ. ಆಗ ಸರಿಹೋದರೆ ತಪ್ಪು ಲೈನಿನದಲ್ಲ, ಗೋಡೆ ದಾಟಿ ಬರುವ ವೈಫೈಯದು. ಹಳೇ ಕಲಬುರಗಿ ಮನೆಗಳ ಕಲ್ಲಿನ ದಪ್ಪ ಗೋಡೆ ಬಿಸಿಲಿಗೆ ತಂಪು, ವೈಫೈಗೆ ಶತ್ರು.

ಕರೆಂಟ್ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ: ಮನೆಗೆ ಇನ್ವರ್ಟರ್ ಇದೆ ಎಂದು ನೆಮ್ಮದಿಯಾಗಿರುತ್ತಾರೆ, ರೂಟರ್ ಚುಚ್ಚಿದ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರುವುದೇ ಇಲ್ಲ. ಮೇನ್ ಸ್ವಿಚ್ ಇಳಿಸಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್‌ಅವರ್ ಇರುತ್ತದೆ, ಕೈಗೆ ಸಿಗುವುದು ಸಾವಿರದ ಆಸುಪಾಸು. ಲ್ಯಾಪ್‌ಟಾಪಿಗೆ 60, ರೂಟರ್ ಪೆಟ್ಟಿಗೆಗಳಿಗೆ 20, ಒಂದು ಫ್ಯಾನಿಗೆ 70, ಒಂದು ದೀಪಕ್ಕೆ 10 ವ್ಯಾಟ್ ಹಿಡಿದರೆ ಒಟ್ಟು 160. ಅಂದರೆ ಆರು ಗಂಟೆ ಬರುತ್ತದೆ. ಮೂರು ಫ್ಯಾನು, ಟಿವಿ ಕೂಡ ಓಡಿದರೆ ಅದು ಮೂರಕ್ಕೆ ಇಳಿಯುತ್ತದೆ. ಬ್ಯಾಟರಿ ನಾಲ್ಕೈದು ವರ್ಷ ಹಳೆಯದಾದರೆ ಅದರಲ್ಲೂ ಅರ್ಧ. ನವೆಂಬರ್, ಡಿಸೆಂಬರ್ ನಮ್ಮ ಕಡೆ ತಂಪಿನ ಕಾಲ, ಫ್ಯಾನಿನ ಹೊರೆ ಕಡಿಮೆ. ಇದೇ ಬೇಡಿಕೆ ಮೇ ತಿಂಗಳಿಗೆ, 40 ಡಿಗ್ರಿ ದಾಟಿದ ಬಿಸಿಲಿಗೆ ಬಂದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಇನ್ವರ್ಟರ್ ಇಲ್ಲದ ಮನೆಗೆ ರೂಟರಿಗಷ್ಟೇ ಸಾಕಾಗುವ 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ, ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಜೊತೆ ಸೇರಿದರೆ ಎರಡು ಮೂರು ಗಂಟೆ ದೂಡಬಹುದು. ರಿಪೇರಿಗೆಂದು ಜೆಸ್ಕಾಂನವರು ಇಡೀ ದಿನ ಲೈನ್ ತೆಗೆಯುವುದಿದ್ದರೆ ಯಾವ ಯಾವ ಬಡಾವಣೆ ಎಂದು ಪತ್ರಿಕೆಯಲ್ಲಿ ಮುಂಚೆಯೇ ಪ್ರಕಟಣೆ ಕೊಡುತ್ತಾರೆ. ಮನೆಯವರಿಗೆ ಹೇಳಿಡಿ, ಕಣ್ಣಿಗೆ ಬಿದ್ದರೆ ತಿಳಿಸಲಿ.

ಇನ್ನೊಂದು ಗುಟ್ಟು ಕೇಳಿ. ಮನೆಯಲ್ಲಿ ಕರೆಂಟ್ ಇದ್ದರೂ, ರೂಟರಿನ ದೀಪಗಳೆಲ್ಲ ಉರಿಯುತ್ತಿದ್ದರೂ ನೆಟ್ ಹೋಗುವುದುಂಟು. ಓಣಿಯ ಕೇಬಲ್‌ನವರಿಂದ ಲೈನ್ ತೆಗೆದುಕೊಂಡಿದ್ದರೆ, ಅವರು ಯಾರದೋ ಮನೆಯ ಮಾಳಿಗೆ ಮೇಲೆ ಇಟ್ಟ ನೆಟ್‌ವರ್ಕ್ ಸ್ವಿಚ್ಚಿಗೆ ಕರೆಂಟ್ ಇಲ್ಲದಾಗ ಹೀಗಾಗುತ್ತದೆ. ನಿಮ್ಮ ಇನ್ವರ್ಟರ್ ಅದಕ್ಕೆ ಏನೂ ಮಾಡಲಾರದು. ಫೈಬರ್ ಪೆಟ್ಟಿಗೆಯಲ್ಲಿ `LOS` ದೀಪ ಕೆಂಪಾಗಿ ಮಿನುಗಿದರೆ ಅದು ಬೇರೆ ರೋಗ: ಎಲ್ಲೋ ತಂತಿ ಕಡಿದಿದೆ, ಅಥವಾ ಬಾಗಿದೆ. ಈ ಎರಡಕ್ಕೂ ಉಪಾಯ ಒಂದೇ, ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್. ಮನೆಯ ಫೈಬರ್ ಮತ್ತು ಮೊಬೈಲ್ ಎರಡೂ ಒಂದೇ ಕಂಪನಿಯದಾದರೆ ಎರಡೂ ಒಟ್ಟಿಗೆ ಮಲಗುವ ಸಾಧ್ಯತೆ ಇರುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ನಂಬಬೇಡಿ. ಕ್ಯಾಮೆರಾ ಹಾಕಿದ ಒಂದು ಗಂಟೆ ಮೀಟಿಂಗು ಹತ್ತಿರ ಹತ್ತಿರ 1 ಜಿಬಿ ನುಂಗುತ್ತದೆ. ಹಾಟ್‌ಸ್ಪಾಟಿಗೆ ಬಂದ ಕೂಡಲೇ ಕ್ಯಾಮೆರಾ ತೆಗೆದು ದನಿ ಮಾತ್ರ ಇಟ್ಟುಕೊಂಡರೆ ಅದೇ ಪ್ಯಾಕ್ ದಿನವಿಡೀ ಬರುತ್ತದೆ. ಚಿಂಚೋಳಿ ಕಡೆಯ ತಾಂಡಾದಲ್ಲೋ ಯಾದಗಿರಿಯ ಹಳ್ಳಿಯಲ್ಲೋ ಮನೆ ಇದ್ದು, ಸುತ್ತ ಒಂದೇ ಟವರ್ ಇರುವವರಿಗೆ ನನ್ನ ಸಲಹೆ ಬೇರೆ: ತಾಲೂಕು ಊರಿನಲ್ಲಿ ನೆಂಟರ ಮನೆಯ ಒಂದು ಕೋಣೆ ಗೊತ್ತು ಮಾಡಿಕೊಳ್ಳಿ, ಪತ್ರದಲ್ಲಿ ಆ ವಿಳಾಸವನ್ನೇ ಬರೆಯಿರಿ.

ಮೇಡಂ ಬಾಯಿಬಿಟ್ಟು ಕೇಳದ, ಆದರೆ ಮನಸ್ಸಿನಲ್ಲಿ ಖಂಡಿತ ಇರುವ ಪ್ರಶ್ನೆ ಒಂದಿದೆ. ಹಗಲು ಅವ್ವನ ಹತ್ತಿರ ಯಾರಿರುತ್ತಾರೆ? ಮೊಳಕಾಲು ಆಪರೇಷನ್ ಆದವರಿಗೆ ಮೊದಲ ದಿನಗಳಲ್ಲಿ ವಾಕರ್ ಹಿಡಿದು ಎದ್ದು ನಿಲ್ಲುವುದಕ್ಕೂ ಆಸರೆ ಬೇಕು. ಶೌಚಕ್ಕೆ ಕರೆದೊಯ್ಯುವುದು, ವ್ಯಾಯಾಮ ಮಾಡಿಸುವುದು, ಮಂಜುಗಡ್ಡೆ ಒತ್ತುವುದು, ಹೊತ್ತಿಗೆ ಸರಿಯಾಗಿ ಗುಳಿಗೆ, ಇವೆಲ್ಲ ನಿಮ್ಮ ಆಫೀಸಿನ ಹೊತ್ತು ನೋಡಿ ಬರುವ ಕೆಲಸಗಳಲ್ಲ. ಹೊಲಿಗೆ ಬಿಚ್ಚುವುದು ಸುಮಾರು ಎರಡು ವಾರಕ್ಕೆ, ಅಂದರೆ ನವೆಂಬರ್ 30ರ ಸುತ್ತಮುತ್ತ. ಆ ದಿನ ಆಸ್ಪತ್ರೆಗೆ ಹೋಗಲೇಬೇಕು. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಚಿಕ್ಕಮ್ಮನೋ ಅಕ್ಕನೋ ಗೊತ್ತುಮಾಡಿದ ಆಯಾನೋ ಮನೆಯಲ್ಲಿ ಇರುತ್ತಾರೆಂದರೆ ಮಾತ್ರ ಈ ಬೇಡಿಕೆ ಇಡಿ. ನೀವೊಬ್ಬರೇ ನೋಡಿಕೊಳ್ಳಬೇಕಾದರೆ ಇದು ಬೇರೆ ಊರಿನಿಂದ ಕೆಲಸ ಮಾಡುವ ಮಾತಲ್ಲ, ರಜೆಯ ಮಾತು. ಸಂಬಳವಿಲ್ಲದ ರಜೆಯಾದರೂ ಅದನ್ನೇ ಕೇಳುವುದು ಒಳ್ಳೆಯದು. ಎರಡನ್ನೂ ಒಟ್ಟಿಗೆ ಎಳೆದಾಡಿದವರಿಗೆ ಅವ್ವನ ಸೇವೆಯೂ ನೆಟ್ಟಗಾಗುವುದಿಲ್ಲ, ವರ್ಷದ ಕೊನೆಯ ರೇಟಿಂಗೂ ಉಳಿಯುವುದಿಲ್ಲ. ಸಹಾಯಕ್ಕೆ ಜನರಿದ್ದರೆ ನಿಮ್ಮ ಹೊತ್ತನ್ನು ಹೀಗೆ ಹಂಚಿಕೊಳ್ಳಬಹುದು: ಫಿಸಿಯೋಥೆರಪಿಸ್ಟ್ ಬೆಳಗ್ಗೆ 8ಕ್ಕೆ ಬಂದು ಹೋಗಲಿ, 10ಕ್ಕೆ ಟೀಮಿನ ಸ್ಟ್ಯಾಂಡಪ್ ಮೀಟಿಂಗ್, ಮಧ್ಯಾಹ್ನ 1ರಿಂದ 2 ಕ್ಯಾಲೆಂಡರಿನಲ್ಲಿ ಮುಚ್ಚಿಡಿ, 7ಕ್ಕೆ ಮುಗಿಸಿ. ಹೊಲಿಗೆ ಬಿಚ್ಚುವ ದಿನಕ್ಕೆ ಉಳಿದ ನಾಲ್ಕು ರಜೆಯಲ್ಲಿ ಅರ್ಧ ದಿನ ತೆಗೆಯಿರಿ.

ರಿಲೀಸ್ ಡಿಸೆಂಬರ್ 3, ಗುರುವಾರ. ಅದು ನೀವು ಊರಲ್ಲಿರುವ ಎರಡನೇ ವಾರಕ್ಕೇ ಬೀಳುತ್ತದೆ, ಮೇಡಂ ತಲೆಗೆ ಮೊದಲು ಬರುವುದೂ ಅದೇ. ಅವರು ಎತ್ತುವ ಮುಂಚೆ ನೀವೇ ಎತ್ತಿ. ಟೆಸ್ಟಿಂಗ್ ಕೆಲಸದಲ್ಲಿ ಬೇರೆಯವರಿಗಿಲ್ಲದ ಒಂದು ತೊಡಕಿದೆ. ಆಫೀಸಿನ ಕಪಾಟಿನಲ್ಲಿರುವ ಟೆಸ್ಟ್ ಫೋನುಗಳು, ಒಳಗಿನ ನೆಟ್‌ವರ್ಕಿನಲ್ಲಿ ಮಾತ್ರ ತೆರೆಯುವ ಟೆಸ್ಟ್ ಸರ್ವರ್‌ಗಳು ಊರಿಗೆ ಬರುವುದಿಲ್ಲ. ನಿಮ್ಮ ಟೆಸ್ಟ್ ಕೇಸುಗಳ ಪಟ್ಟಿ ತೆಗೆದು, ಕೈಯಲ್ಲಿ ಸಾಧನ ಬೇಕೇಬೇಕಾದವು ಎಷ್ಟು ಎಂದು ಎಣಿಸಿ. 120ರಲ್ಲಿ 14 ಎಂದು ಬಂದರೆ, ಆ 14ನ್ನು ಆಫೀಸಿನಲ್ಲಿರುವ ಯಾವ ಸಹೋದ್ಯೋಗಿ ಮಾಡುತ್ತಾರೆ ಎಂದು ಅವರನ್ನು ಕೇಳಿ ಒಪ್ಪಿಸಿಕೊಂಡೇ ಮೇಡಂ ಹತ್ತಿರ ಹೋಗಿ. ಬದಲಿಗೆ ಅವರ ಯಾವ ಕೆಲಸ ನೀವು ಹೊರುತ್ತೀರಿ ಎಂಬುದೂ ಅಲ್ಲೇ ತೀರ್ಮಾನವಾಗಲಿ. ಫೋನುಗಳನ್ನೇ ಒಯ್ಯುವುದಾದರೆ ಗೇಟ್‌ಪಾಸ್ ಬೇಕು, ಅದಕ್ಕೆ ಎರಡು ಮೂರು ದಿನ ಹಿಡಿಯಬಹುದು.

ತುರ್ತಿಗೆ ಕರೆದರೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ ಎಂಬುದನ್ನೂ ಹೇಳಬೇಕು. ‘ರಾತ್ರಿ ಗಾಡಿ ಹತ್ತಿದರೆ ಬೆಳಗ್ಗೆ ಬೆಂಗಳೂರು’ ಎಂಬುದು ನಿಜವೇ. ಉದ್ಯಾನ ಎಕ್ಸ್‌ಪ್ರೆಸ್ ಸಂಜೆ ಹತ್ತಿದವರನ್ನು ಬೆಳಗ್ಗೆ ಇಳಿಸುತ್ತದೆ, ವಂದೇ ಭಾರತ್ ಬೆಳಗಿನ ಜಾವ ಹೊರಟು ಮಧ್ಯಾಹ್ನ ಮುಟ್ಟಿಸುತ್ತದೆ. ಸೀಟು ಸಿಗಬೇಕಲ್ಲ! ತತ್ಕಾಲ್ ತೆರೆಯುವುದು ಹಿಂದಿನ ದಿನ, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಮಧ್ಯಾಹ್ನ ಫೋನ್ ಬಂದರೆ ಅಂದಿನ ಗಾಡಿಗೆ ತತ್ಕಾಲ್ ಮುಗಿದಿರುತ್ತದೆ, ರಾತ್ರಿ ಬಸ್ಸನ್ನೇ ನಂಬಬೇಕು. ಆದ್ದರಿಂದ ‘ನಾಳೆಯೇ ಬರುತ್ತೇನೆ’ ಎಂದು ಮಾತು ಕೊಡಬೇಡಿ, ‘48 ಗಂಟೆಯೊಳಗೆ’ ಎನ್ನಿ.

ಈಗ ಕೇಳುವ ಹೊತ್ತು. ನವೆಂಬರ್ 16ಕ್ಕೆ ನಾಲ್ಕು ವಾರ ಮುಂಚೆ, ಅಕ್ಟೋಬರ್ ಮೂರನೇ ವಾರದಲ್ಲಿ ಕೇಳಿ. ಎಚ್‌ಆರ್, ಐಟಿ ಸುತ್ತಿ ಬರಲು ಎರಡು ವಾರ ಸಾಕಾಗದೇ ಇರಬಹುದು. ಟೀಮ್ ಮೀಟಿಂಗಿನಲ್ಲಿ ಬೇಡ, ನಾಲ್ಕು ಜನರ ಮುಂದೆ ಮೇಡಂ ಹೂಂ ಅನ್ನಲಾರರು. ಚಾಟ್‌ನಲ್ಲಿ ‘ಒಂದು ವಿಷಯ ಇತ್ತು’ ಎಂದು ಬರೆದು ಕಾಯಿಸಲೂ ಬೇಡ, ರಾಜೀನಾಮೆ ಇರಬಹುದೆಂದು ಅವರು ಅಂದುಕೊಂಡಿರುತ್ತಾರೆ. ಇಬ್ಬರೇ ಮಾತಾಡುವ ವಾರದ ಮೀಟಿಂಗಿನಲ್ಲಿ ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ:

‘ಮೇಡಂ, ನವೆಂಬರ್ 16ಕ್ಕೆ ನಮ್ಮ ತಾಯಿಗೆ ಕಲಬುರಗಿಯಲ್ಲಿ ಮೊಳಕಾಲು ಆಪರೇಷನ್ ಇದೆ. ಆ ವಾರ ರಜೆ ಹಾಕ್ತೀನಿ. ಮುಂದಿನ ಮೂರು ವಾರ ಅಲ್ಲಿಂದ ಪೂರ್ತಿ ಹೊತ್ತು ಕೆಲಸ ಮಾಡೋಕೆ ನಿಮ್ಮ ಒಪ್ಪಿಗೆ ಬೇಕಿತ್ತು. ರಿಲೀಸ್‌ಗೆ ಏನು ವ್ಯವಸ್ಥೆ ಅಂತ ಬರೆದಿಟ್ಟಿದ್ದೀನಿ, ಇವತ್ತೇ ಮೇಲ್ ಮಾಡ್ಲಾ? ನಿಮಗೆ ಇದರಲ್ಲಿ ಯಾವುದು ಕಷ್ಟ ಅನ್ನಿಸುತ್ತೆ?’

ಕೊನೆಯ ಪ್ರಶ್ನೆ ಬಿಡಬೇಡಿ. ‘ಆಗುತ್ತಾ ಇಲ್ವಾ’ ಎಂದು ಕೇಳಿದರೆ ‘ನೋಡೋಣ’ ಬರುತ್ತದೆ. ‘ಯಾವುದು ಕಷ್ಟ’ ಎಂದು ಕೇಳಿದರೆ ನಿಜವಾದ ಅಡ್ಡಿ ಹೊರಗೆ ಬರುತ್ತದೆ. ಬೇರೆ ಟೀಮಿನ ಯಾರಿಗೋ ಕೊಟ್ಟಿದ್ದಾರೆ ಎಂಬ ಮಾತು ಬೇಡ, ಅವರ ಕಾರಣ ನಿಮಗೆ ಗೊತ್ತಿರುವುದಿಲ್ಲ. ಅವ್ವನ ಕಷ್ಟವನ್ನು ಒಂದು ವಾಕ್ಯಕ್ಕಿಂತ ಹೆಚ್ಚು ಹೇಳುವ ಅಗತ್ಯವೂ ಇಲ್ಲ.

ಅದೇ ದಿನ ಮೇಲ್ ಹೋಗಬೇಕು. ನಿಮ್ಮ ಆಫೀಸಿನ ರೂಢಿಯಂತೆ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಆದರೆ ಒಳಗಿನ ತಿರುಳು ಇಷ್ಟಿರಲಿ:

> ಮೇಡಂ, ಇವತ್ತು ಮಾತಾಡಿದಂತೆ ವಿವರ ಕಳಿಸುತ್ತಿದ್ದೇನೆ.
>
> ನವೆಂಬರ್ 16ರಿಂದ 20: ರಜೆ, 5 ದಿನ. ನವೆಂಬರ್ 23ರಿಂದ ಡಿಸೆಂಬರ್ 11: ಕಲಬುರಗಿಯ ನಮ್ಮ ಮನೆಯಿಂದ ಕೆಲಸ, 15 ದಿನ, ಅದರಲ್ಲಿ ಆಫೀಸ್ ದಿನ 9. ಡಿಸೆಂಬರ್ 14ರಿಂದ ಎಂದಿನಂತೆ ಆಫೀಸ್. ಮನೆಯ ವಿಳಾಸ ಕೆಳಗಿದೆ.
>
> ಕೆಲಸದ ಹೊತ್ತು ಬೆಳಗ್ಗೆ 10ರಿಂದ ಸಂಜೆ 7, ಬದಲಾವಣೆ ಇಲ್ಲ. ಆ ಹೊತ್ತಿನಲ್ಲಿ ತಾಯಿಯ ಹತ್ತಿರ ಮನೆಯ ಬೇರೊಬ್ಬರು ಇರುತ್ತಾರೆ. ನವೆಂಬರ್ 30ರ ಸುಮಾರಿಗೆ ಅರ್ಧ ದಿನ ರಜೆ ಬೇಕಾಗಬಹುದು.
>
> ಡಿಸೆಂಬರ್ 3ರ ರಿಲೀಸ್: 120 ಟೆಸ್ಟ್ ಕೇಸುಗಳಲ್ಲಿ 106ನ್ನು ನಾನು ಅಲ್ಲಿಂದಲೇ ಮಾಡುತ್ತೇನೆ. ಫೋನ್ ಸಾಧನ ಬೇಕಾದ 14ನ್ನು ಆಫೀಸಿನಲ್ಲಿರುವ ಸಹೋದ್ಯೋಗಿ ಮಾಡಲು ಒಪ್ಪಿದ್ದಾರೆ. ನವೆಂಬರ್ 25ಕ್ಕೆ ಇಬ್ಬರೂ ಸೇರಿ ಒಮ್ಮೆ ಪೂರ್ತಿ ಓಡಿಸಿ ನೋಡುತ್ತೇವೆ.
>
> ಇಂಟರ್ನೆಟ್: ಮೂರು ಹೊತ್ತು ಅಳೆದ ಅಂಕಿ ಲಗತ್ತಿಸಿದ್ದೇನೆ. ಬೇರೆ ಕಂಪನಿಯ ಮೊಬೈಲ್ ಹಾಟ್‌ಸ್ಪಾಟ್ ಮತ್ತು ಇನ್ವರ್ಟರ್ ಇವೆ. ಕಂಪನಿ ಲ್ಯಾಪ್‌ಟಾಪ್ ಮತ್ತು ವಿಪಿಎನ್ ಮಾತ್ರ ಬಳಸುತ್ತೇನೆ, ಏನನ್ನೂ ಪ್ರಿಂಟ್ ಮಾಡುವುದಿಲ್ಲ. ಆಫೀಸಿಗೆ ಬರಲೇಬೇಕಾದರೆ 48 ಗಂಟೆಯೊಳಗೆ ಬರುತ್ತೇನೆ.
>
> ಮೊದಲ ವಾರ ಮುಗಿದ ಮೇಲೆ, ನವೆಂಬರ್ 27ಕ್ಕೆ, ಇದು ನಡೆಯುತ್ತಿದೆಯೇ ಎಂದು ನೀವು ನೋಡಿ ಹೇಳಬಹುದು. ನಡೆಯದಿದ್ದರೆ ಉಳಿದ ದಿನಗಳಿಗೆ ಬೇರೆ ದಾರಿ ಮಾಡುತ್ತೇನೆ.

ಕೊನೆಯ ಸಾಲಿನ ಶಕ್ತಿ ದೊಡ್ಡದು. ಮೂರು ವಾರಕ್ಕೆ ಹೂಂ ಎನ್ನಲು ಹಿಂಜರಿಯುವವರು ಒಂದು ವಾರಕ್ಕೆ ಹೂಂ ಎನ್ನುತ್ತಾರೆ. ಅಲ್ಲಿಂದ ಮುಂದಿನದು ನಿಮ್ಮ ಕೆಲಸ ಹೇಗೆ ನಡೆಯಿತು ಎಂಬುದರ ಮೇಲೆ ನಿಂತಿದೆ.

ಮೇಡಂ ‘ಆಯ್ತು, ಹೋಗಿ ಬನ್ನಿ’ ಅಂದರೆ ಕೆಲಸ ಮುಗಿಯಿತೆಂದು ತಿಳಿದು ಮೋಸ ಹೋದವರೇ ಹೆಚ್ಚು. ಹಾಜರಿ ಲೆಕ್ಕ ಹಾಕುವುದು ಗೇಟಿನ ಸ್ವೈಪ್ ಯಂತ್ರ, ಅದಕ್ಕೆ ಮೇಡಂ ಮಾತು ಕೇಳಿಸುವುದಿಲ್ಲ. ಪೋರ್ಟಲ್‌ನಲ್ಲಿ ವಿನಾಯಿತಿ ದಾಖಲಾಗದಿದ್ದರೆ ಆ 9 ದಿನ ಗೈರು ಎಂದೇ ಬೀಳುತ್ತದೆ, ಸಂಬಳದ ಹೊತ್ತಿಗೋ ರೇಟಿಂಗ್ ಹೊತ್ತಿಗೋ ಎದ್ದು ಬರುತ್ತದೆ. ಅಷ್ಟರೊಳಗೆ ಮೇಡಂ ಬೇರೆ ಟೀಮಿಗೆ ಹೋಗಿದ್ದರೆ ಹೇಳುವವರೇ ಇಲ್ಲ. ಮೇಲ್‌ಗೆ ‘ಒಪ್ಪಿದೆ’ ಎಂಬ ಒಂದು ಸಾಲಿನ ಉತ್ತರ, ಪೋರ್ಟಲ್‌ನಲ್ಲಿ ಅರ್ಜಿ, ಅದರ ಸ್ಕ್ರೀನ್‌ಶಾಟ್, ಈ ಮೂರೂ ಕೈಯಲ್ಲಿರಲಿ. ಬೆಂಗಳೂರಿನ ಬಾಡಿಗೆ ಕಟ್ಟುತ್ತಲೇ ಇರುವುದರಿಂದ ಮೂರು ವಾರಕ್ಕೆ ಎಚ್‌ಆರ್‌ಎ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೀದರ್ ಕಡೆಯವರು ನೆಂಟರ ಮನೆ ಎಂದು ಹೈದರಾಬಾದಿನಿಂದ ಕೆಲಸ ಮಾಡುವುದಿದ್ದರೆ ಆ ಊರಿನ ಹೆಸರನ್ನೇ ಬರೆಯಬೇಕು. ವಿಪಿಎನ್ ದಾಖಲೆಯಲ್ಲಿ ಎಲ್ಲಿಂದ ಸೇರಿದಿರಿ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ, ಹೇಳಿದ್ದೊಂದು ಇದ್ದದ್ದೊಂದು ಆದರೆ ವಿವರಣೆ ಕೊಡುವುದು ಕಷ್ಟ.

ಹೊರಡುವ ಮುಂಚೆ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಅವಧಿ ನೋಡಿ. ಆಫೀಸಿನಲ್ಲಿ ಕೂತು ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲು ಹೊಡೆದರೆ `Password expires` ಎಂಬುದರ ಮುಂದೆ ತಾರೀಖು ಕಾಣುತ್ತದೆ:

```
net user %username% /domain
```

ಆ ತಾರೀಖು ಡಿಸೆಂಬರ್ 11ಕ್ಕೆ ಮುಂಚೆ ಬಂದರೆ ಆಫೀಸಿನಲ್ಲಿರುವಾಗಲೇ ಬದಲಾಯಿಸಿಬಿಡಿ. ಊರಿಗೆ ಹೋದ ಮೇಲೆ ಅವಧಿ ಮುಗಿದರೆ ವಿಪಿಎನ್ ಸೇರಲು ಹೊಸ ಪಾಸ್‌ವರ್ಡ್ ಬೇಕು, ಹೊಸ ಪಾಸ್‌ವರ್ಡ್ ಮಾಡಲು ವಿಪಿಎನ್ ಬೇಕು, ಹೀಗೆ ಗಂಟು ಬೀಳುತ್ತದೆ. ಐಟಿಯವರನ್ನು ಇನ್ನೊಂದು ಮಾತು ಕೇಳಿಡಿ: ಲ್ಯಾಪ್‌ಟಾಪ್ ಕೆಟ್ಟರೆ ಏನು? ಕೊರಿಯರ್ ಎಂದರೆ ಎರಡು ಮೂರು ದಿನ. ಅದಕ್ಕೇ ಉಳಿದ ರಜೆಗಳನ್ನು ಮುಟ್ಟಬೇಡಿ ಎಂದಿದ್ದು.

ಆಗುವುದಿಲ್ಲ ಎಂದರೋ? ಕಾರಣ ಕೇಳಿ, ಕಾರಣಕ್ಕೆ ತಕ್ಕಂತೆ ನಡೆಯಿರಿ. ಗ್ರಾಹಕರ ಒಪ್ಪಂದ ಅಡ್ಡ ಬರುವುದಾದರೆ ವಾದ ಮಾಡಿ ಪ್ರಯೋಜನವಿಲ್ಲ. ಆ ಮೂರು ವಾರ ಗ್ರಾಹಕರ ಮಾಹಿತಿ ಮುಟ್ಟದ ಕೆಲಸ, ಟೆಸ್ಟ್ ಕೇಸ್ ಬರೆಯುವುದೋ ಆಟೊಮೇಷನ್ ಸ್ಕ್ರಿಪ್ಟೋ, ಕೊಡಬಹುದೇ ಎಂದು ಕೇಳಿ. ರಿಲೀಸ್ ವಾರವೇ ಅಡ್ಡಿಯಾದರೆ ನವೆಂಬರ್ 29ರ ಭಾನುವಾರ ರಾತ್ರಿ ಹೊರಟು, ಆ ಒಂದು ವಾರ ಬೆಂಗಳೂರಿನಲ್ಲಿದ್ದು, ಡಿಸೆಂಬರ್ 4ರ ಶುಕ್ರವಾರ ರಾತ್ರಿ ಮರಳುವ ಪ್ರಸ್ತಾಪ ಇಡಿ. ಆಗ ಬೇಕಾಗುವುದು 6 ಆಫೀಸ್ ದಿನದ ವಿನಾಯಿತಿ ಮಾತ್ರ. ಹೊಲಿಗೆ ಬಿಚ್ಚಿಸಲು ಮಾತ್ರ ಅಕ್ಕನೋ ತಮ್ಮನೋ ಹೋಗಬೇಕಾಗುತ್ತದೆ. ‘ಎಲ್ಲರಿಗೂ ಕೊಡಬೇಕಾಗುತ್ತದೆ’ ಎಂಬುದು ಕಾರಣವಾದರೆ ಇದನ್ನು ವೈದ್ಯಕೀಯ ಕಾರಣದ ವಿನಾಯಿತಿ ಎಂದು ದಾಖಲಿಸಲು ಹೇಳಿ, ಆಸ್ಪತ್ರೆಯವರು ಕೊಟ್ಟ ಆಪರೇಷನ್ ದಿನಾಂಕದ ಚೀಟಿ ಲಗತ್ತಿಸಿ. ರೋಗದ ರಿಪೋರ್ಟುಗಳನ್ನೆಲ್ಲ ಕೊಡುವ ಅಗತ್ಯವಿಲ್ಲ, ದಿನಾಂಕ ಇರುವ ಒಂದು ಹಾಳೆ ಸಾಕು.

ಊರಿಗೆ ಹೋದ ಮೇಲೆ ದಿನಗಳು ಸಾಲದೇ ಬಂದರೆ ಡಿಸೆಂಬರ್ 10ಕ್ಕೆ ಹೇಳಬೇಡಿ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಅವ್ವನ ನಡಿಗೆ ನೋಡಿ ಏನನ್ನುತ್ತಾರೋ ಅದರ ಮೇಲೆ ಅವತ್ತೇ ನಿರ್ಧರಿಸಿ. ರಿಲೀಸ್ ಮುಗಿದ ಮರುದಿನ, ಡಿಸೆಂಬರ್ 4ಕ್ಕೆ ಮೇಡಂಗೆ ತಿಳಿಸಿದರೆ ಅವರಿಗೆ ಒಂದು ವಾರ ಸಮಯ ಸಿಗುತ್ತದೆ. ಮರಳುವ ಟಿಕೆಟ್ ಅಂತೂ ಈಗಲೇ ಮಾಡಿಸಿಡಿ, ರಿಸರ್ವೇಷನ್ 60 ದಿನ ಮುಂಚೆ ತೆರೆಯುತ್ತದೆ. ಡಿಸೆಂಬರ್ 12ರ ಶನಿವಾರದ ಗಾಡಿ ಹಿಡಿಯಿರಿ, 13ರದ್ದು ಬೇಡ. ಸೋಮವಾರ ಬೆಳಗ್ಗೆ ಗಾಡಿ ತಡವಾದರೆ ಮೂರು ವಾರ ಕಾಪಾಡಿಕೊಂಡ ಮಾತು ಸ್ಟೇಷನ್ನಿನಲ್ಲೇ ಸಿಕ್ಕಿಬೀಳುತ್ತದೆ.